ಒಂದೇ ಜೊತೆ ಶೂ ಸಾಕು, ಬಾಗಿಲಲ್ಲಿ ಒಂದು ಬ್ರಷ್ ಇಡಿ

ಕಳೆದ ಸೆಮಿಸ್ಟರ್ ಶುರುವಾದ ವಾರವೇ ನಮ್ಮ ಕ್ಯಾಂಪಸ್ ಜಿಮ್ಮಿನ ಬಾಗಿಲಿಗೆ ಒಂದು ಎ4 ಹಾಳೆ ಅಂಟಿಸಿದರು. ಹೊರಗೆ ಹಾಕಿಕೊಂಡು ಓಡಾಡುವ ಶೂಗಳಿಗೆ ಒಳಗೆ ಪ್ರವೇಶವಿಲ್ಲ, ಜಿಮ್‌ಗೆ ಬೇರೆಯೇ ಶೂ ತರಬೇಕು ಅಂತ. ಓದಿ ಎಲ್ಲರೂ ತಲೆ ಆಡಿಸಿದೆವು. ಆಮೇಲೆ ರೂಮಿಗೆ ಬಂದು ಪರ್ಸ್ ತೆಗೆದು ನೋಡಿಕೊಂಡೆವು. ನಮ್ಮ ವಿಂಗಿನಲ್ಲಿ ಓಡುವವರು ಆರು ಜನ. ವಾರದಲ್ಲಿ ಮೂರು ದಿನ ಟ್ರೆಡ್‌ಮಿಲ್, ಎರಡು ದಿನ ಕ್ಯಾಂಪಸ್ಸಿನ ಕಾಂಕ್ರೀಟ್ ರಸ್ತೆ. ಆರು ಜನರಲ್ಲಿ ಎರಡು ಜೊತೆ ಓಟದ ಶೂ ಇದ್ದದ್ದು ಒಬ್ಬನ ಹತ್ತಿರ ಮಾತ್ರ, ಅದರಲ್ಲೂ ಒಂದು ಅವನ ಅಣ್ಣನದ್ದು.

ಅಂದಿನಿಂದ ನಮ್ಮಲ್ಲಿ ಒಂದೇ ಚರ್ಚೆ. ಟ್ರೆಡ್‌ಮಿಲ್‌ಗೆ ಒಂದು ಶೂ, ರಸ್ತೆಗೆ ಇನ್ನೊಂದು ಶೂ ನಿಜವಾಗಲೂ ಬೇಕಾ? ಅಥವಾ ಒಂದೇ ಜೊತೆ ಎರಡೂ ಕೆಲಸ ಮಾಡುತ್ತಾ? ಒಂದು ಸೆಮಿಸ್ಟರ್ ಓಡಿ, ಸ್ವಲ್ಪ ಓದಿ, ಒಬ್ಬನ ಕಾಲು ನೋಯಿಸಿಕೊಂಡ ಮೇಲೆ ನಾವು ಬಂದಿರುವ ತೀರ್ಮಾನ ಇದು: ಒಂದೇ ಜೊತೆ ಸಾಕು, ಆದರೆ ಅದು ರಸ್ತೆಯ ಶೂ ಆಗಿರಬೇಕು. ರಸ್ತೆಯ ಶೂ ಟ್ರೆಡ್‌ಮಿಲ್ ಮೇಲೆ ಆರಾಮಾಗಿ ನಡೆಯುತ್ತೆ. ಜಿಮ್ ಶೂ ರಸ್ತೆಗೆ ಬಂದರೆ ನಡೆಯಲ್ಲ. ಈ ದಾರಿ ಒನ್ ವೇ.

ಯಾಕೆ ಅಂತ ಹೇಳುವ ಮುಂಚೆ, ಹಾಸ್ಟೆಲ್‌ನಲ್ಲಿ ಓಡಾಡುವ ಒಂದು ನಂಬಿಕೆಯನ್ನು ಮೊದಲು ಬದಿಗಿಡಬೇಕು. "ಟ್ರೆಡ್‌ಮಿಲ್ ಮೇಲೆ ಬೆಲ್ಟೇ ಕಾಲನ್ನು ಹಿಂದಕ್ಕೆ ಎಳೆಯುತ್ತೆ ಗುರು, ನಾವು ಬರೀ ಎತ್ತಿ ಇಟ್ಟರೆ ಸಾಕು. ಅದಕ್ಕೆ ಅಲ್ಲಿ ಎಂಥಾ ಶೂ ಆದ್ರೂ ನಡೆಯುತ್ತೆ." ಇದನ್ನು ಹೇಳಿದವನು ಮೆಕ್ಯಾನಿಕಲ್ ಬ್ರಾಂಚಿನವನು ಅನ್ನೋದೇ ಬೇಜಾರು. ಪಿಯುಸಿಯಲ್ಲಿ ಓದಿದ ಫ್ರೇಮ್ ಆಫ್ ರೆಫರೆನ್ಸ್ ನೆನಪು ಮಾಡಿಕೊಳ್ಳಿ. ಬೆಲ್ಟ್ ಒಂದೇ ವೇಗದಲ್ಲಿ ಓಡುತ್ತಿದ್ದರೆ, ಬೆಲ್ಟಿನ ಮೇಲೆ ಕೂತ ಇರುವೆಯ ಕಣ್ಣಿಗೆ ನೀವು ನಿಂತ ನೆಲದ ಮೇಲೆ ಓಡುತ್ತಿರುವವರ ಹಾಗೇ ಕಾಣುತ್ತೀರಿ. ಪಾದ ಇಳಿಯುವುದು, ತೂಕ ಬೀಳುವುದು, ಬೆರಳಿನಿಂದ ಒತ್ತಿ ಏಳುವುದು ಎಲ್ಲಾ ಅದೇ. ರಸ್ತೆಯಲ್ಲಿ ಇರುವ ಒಂದು ವಿಷಯ ಇಲ್ಲಿಲ್ಲ, ಅದು ಎದುರು ಗಾಳಿ. 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಅಳೆದು, ವೇಗವಾಗಿ ಓಡುವವರು ಟ್ರೆಡ್‌ಮಿಲ್ಲನ್ನು 1% ಏರು ಮಾಡಿಕೊಂಡರೆ ಹೊರಗಿನ ಶ್ರಮಕ್ಕೆ ಸಮ ಆಗುತ್ತೆ ಅಂತ ತೋರಿಸಿದರು. ನಮ್ಮ ಹಾಗೆ ನಿಧಾನಕ್ಕೆ ಓಡುವವರಿಗೆ ಆ 1% ಕೂಡ ದೊಡ್ಡ ವಿಷಯ ಅಲ್ಲ.

ಲೆಕ್ಕಕ್ಕೆ ಬರೋಣ. 65 ಕೆಜಿ ತೂಕದ ಒಬ್ಬ, ಕಿಲೋಮೀಟರಿಗೆ ಆರೂವರೆ ನಿಮಿಷದ ಹಾಗೆ 5 ಕಿಮೀ ಓಡುತ್ತಾನೆ ಅಂದುಕೊಳ್ಳಿ. ನಿಮಿಷಕ್ಕೆ ಸುಮಾರು 165 ಹೆಜ್ಜೆ ಅಂದರೆ ಒಟ್ಟು 5,300ಕ್ಕೂ ಹೆಚ್ಚು ಹೆಜ್ಜೆ. ಓಡುವಾಗ ಪ್ರತಿ ಹೆಜ್ಜೆಗೆ ಕಾಲಿನ ಮೇಲೆ ಬೀಳುವ ಭಾರ ದೇಹದ ತೂಕದ ಎರಡರಿಂದ ಮೂರು ಪಟ್ಟು. ಅಂದರೆ ಒಂದೊಂದು ಕಾಲಿಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಸಲ, ಪ್ರತಿ ಸಲ ಸುಮಾರು 160 ಕೆಜಿಯಷ್ಟು. ಇದು ಟ್ರೆಡ್‌ಮಿಲ್‌ಗೂ ಹೌದು, ರಸ್ತೆಗೂ ಹೌದು. ಹಾಗಾಗಿ ಟ್ರೆಡ್‌ಮಿಲ್ ಮೇಲೆ ಓಡುವವರಿಗೂ ಬೇಕಾಗಿರೋದು ಓಟದ ಶೂ. "ಕಾರ್ಡಿಯೋ ಶೂ" ಅಂತ ಅಂಗಡಿಯವರು ಕೊಡೋದು ಓಟದ ಶೂ ಆಗಿರಲೇಬೇಕು ಅಂತೇನೂ ಇಲ್ಲ.

ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಓಟದಲ್ಲಿ ಅಲ್ಲ, ನೆಲದಲ್ಲಿ. ಟ್ರೆಡ್‌ಮಿಲ್ ಬೆಲ್ಟಿನ ಕೆಳಗೆ ಒಂದು ಹಲಗೆ ಇರುತ್ತೆ, ಒಳ್ಳೆ ಮಷಿನ್ ಆದರೆ ಅದರ ಕೆಳಗೆ ರಬ್ಬರ್ ದಿಂಬುಗಳೂ ಇರುತ್ತವೆ. ಕಾಲು ಬಿದ್ದಾಗ ಅದು ಸ್ವಲ್ಪ ಬಗ್ಗುತ್ತೆ. ಮೇಲ್ಮೈ ಸಪಾಟು, ಒಣ, ಕಲ್ಲಿಲ್ಲ, ಮರಳಿಲ್ಲ. ಕಾಂಕ್ರೀಟ್ ರಸ್ತೆ ಬಗ್ಗಲ್ಲ. ಅದರ ಮೇಲ್ಮೈ ಮರಳು ಕಾಗದದ ಥರ. ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ಅಂಚಿನ ಕಡೆ ಇಳಿಜಾರು ಮಾಡಿರುತ್ತಾರೆ, ಸಿವಿಲ್ ಗೆಳೆಯರಿಗೆ ಇದು ಗೊತ್ತು. ಮಳೆಗಾಲದಲ್ಲಿ ಮೇಲೆ ಪಾಚಿ ಬೇರೆ. ಅಂದರೆ ರಸ್ತೆ ಶೂನಿಂದ ಹೆಚ್ಚು ಕೇಳುತ್ತೆ, ಟ್ರೆಡ್‌ಮಿಲ್ ಕಡಿಮೆ ಕೇಳುತ್ತೆ. ಹೆಚ್ಚು ಕೇಳುವ ಕಡೆ ಪಾಸಾದ ಶೂ ಕಡಿಮೆ ಕೇಳುವ ಕಡೆ ಫೇಲ್ ಆಗಲ್ಲ. ನಮ್ಮ ವಾದದ ಅರ್ಧ ಭಾಗ ಇಷ್ಟೇ.

ಇನ್ನರ್ಧ ಅರ್ಥ ಆಗಬೇಕಾದರೆ ಶೂವನ್ನು ತಲೆಕೆಳಗು ಮಾಡಿ ನೋಡಬೇಕು. ರಸ್ತೆ ಓಟದ ಶೂವಿನ ಅಡಿಯಲ್ಲಿ ಎರಡು ಪದರ ಕಾಣಿಸುತ್ತೆ. ಪಾದಕ್ಕೆ ಹತ್ತಿರ ಇರುವ ದಪ್ಪ ಫೋಮ್ ಮಿಡ್‌ಸೋಲ್, ಹೊಡೆತ ತಿನ್ನೋದು ಅದರ ಕೆಲಸ. ಅದರ ಕೆಳಗೆ ನೆಲಕ್ಕೆ ತಾಗುವ ರಬ್ಬರ್ ಪದರ ಔಟ್‌ಸೋಲ್, ಸವೆತ ತಡೆಯೋದು ಮತ್ತು ಹಿಡಿತ ಕೊಡೋದು ಅದರ ಕೆಲಸ. ಹಿಮ್ಮಡಿಯ ಹೊರ ಅಂಚಿನಲ್ಲಿ ರಬ್ಬರ್ ಗಟ್ಟಿಯಾಗಿರುತ್ತೆ, ಯಾಕಂದ್ರೆ ನಮ್ಮಲ್ಲಿ ತುಂಬಾ ಜನ ಮೊದಲು ಊರೋದು ಅಲ್ಲೇ. ಹಿಮ್ಮಡಿ ಬೆರಳಿಗಿಂತ 8ರಿಂದ 10 ಮಿಲಿಮೀಟರ್ ಎತ್ತರದಲ್ಲಿ ಇರೋದು ಇಂಥ ಶೂಗಳಲ್ಲಿ ಸಾಮಾನ್ಯ.

ಜಿಮ್ ಶೂ, ಅಂದರೆ ಟ್ರೇನಿಂಗ್ ಶೂ, ಬೇರೆ ಕೆಲಸಕ್ಕೆ ಮಾಡಿದ್ದು. ಅಡಿ ಅಗಲ, ಚಪ್ಪಟೆ, ಫೋಮ್ ತೆಳು ಮತ್ತು ಗಟ್ಟಿ. ಅಕ್ಕಪಕ್ಕ ಜಿಗಿಯುವಾಗ ಪಾದ ಹೊರಳಬಾರದು, ಸ್ಕ್ವಾಟ್ ಮಾಡುವಾಗ ಹಿಮ್ಮಡಿ ಕುಸಿಯಬಾರದು ಅಂತ ಹಾಗೆ. ಆ ಕೆಲಸಕ್ಕೆ ಅದು ಚಿನ್ನ. ಇನ್ನು ನಮ್ಮ ಬಜೆಟ್ಟಿನಲ್ಲಿ ಸಿಗುವ ಸಾವಿರ, ಸಾವಿರದೈನೂರರ "ಜಿಮ್ ಆಂಡ್ ರನ್ನಿಂಗ್" ಶೂಗಳನ್ನು ತಿರುಗಿಸಿ ನೋಡಿ. ಎಷ್ಟೋ ಶೂಗಳಲ್ಲಿ ಔಟ್‌ಸೋಲೇ ಇರಲ್ಲ. ಇಡೀ ಅಡಿ ಒಂದೇ ತುಂಡು ಫೋಮ್. ಫೈಲಾನ್ ಅಂತ ಡಬ್ಬದ ಮೇಲೆ ಬರೆದಿರುತ್ತಾರಲ್ಲ, ಅದು ಒತ್ತಿ ಅಚ್ಚು ಹಾಕಿದ ಇವಿಎ ಫೋಮ್. ತೂಕ ಇರಲ್ಲ, ಅಂಗಡಿಯಲ್ಲಿ ಹಾಕಿ ಎರಡು ಹೆಜ್ಜೆ ನಡೆದರೆ ಮೋಡದ ಮೇಲೆ ನಡೆದ ಹಾಗೆ ಇರುತ್ತೆ. ಒಣ ಬೆಲ್ಟಿನ ಮೇಲೆ ತೊಂದರೆ ಇಲ್ಲ. ಕಾಂಕ್ರೀಟ್ ಮೇಲೆ ಅದು ಎರೇಸರ್ ಥರ ಸವೆಯುತ್ತೆ.

ಇದು ನಮಗೆ ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ. ನಮ್ಮ ರೂಮಿನ ಒಬ್ಬನ ಹತ್ತಿರ ಶೂಗೆ ಅಂತ ಇದ್ದದ್ದು 1,500 ರೂಪಾಯಿ. ಬೋರ್ಡ್ ಬಿದ್ದಿದ್ದು ಜಿಮ್ಮಿನ ಬಾಗಿಲಿಗೆ, ರಸ್ತೆಗೆ ಯಾರೂ ಬೋರ್ಡ್ ಹಾಕಲ್ಲ. ಹಾಗಾಗಿ ಅವನು ಜಿಮ್ ಶೂ ತಗೊಂಡ. ಒಂದು ತಿಂಗಳು ಟ್ರೆಡ್‌ಮಿಲ್ ಮೇಲೆ ಚೆನ್ನಾಗೇ ಓಡಿದ. ಆಮೇಲೆ ನಾವೆಲ್ಲ ಒಂದು 10ಕೆಗೆ ಹೆಸರು ಕೊಟ್ಟೆವು. ಅವನೂ ಸಂಜೆ ನಮ್ಮ ಜೊತೆ ರಸ್ತೆಗೆ ಇಳಿದ, ಅದೇ ಶೂನಲ್ಲಿ. ವಾರಕ್ಕೆ ಐದು ದಿನ.

ಐದನೇ ವಾರ ಅವನು ಮೆಸ್ಸಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳೋಕೆ ಶುರು ಮಾಡಿದ. ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಒಳ ಅಂಚಿನ ಉದ್ದಕ್ಕೂ ನೋವು. ಓಟದ ಶುರುವಿನಲ್ಲಿ ಜಾಸ್ತಿ, ಬಿಸಿಯಾದ ಮೇಲೆ ಕಡಿಮೆ, ಮಾರನೇ ದಿನ ಬೆಳಗ್ಗೆ ಮತ್ತೆ ಜಾಸ್ತಿ. ಡಾಕ್ಟರ್ ಮೂಳೆಯ ಉದ್ದಕ್ಕೂ ಹೆಬ್ಬೆರಳಿಂದ ಒತ್ತಿ ನೋಡಿದರು. ಒಂದು ಗೇಣು ಉದ್ದ ಎಲ್ಲಿ ಒತ್ತಿದರೂ ನೋವು. "ಇದು ಶಿನ್ ಸ್ಪ್ಲಿಂಟ್ಸ್. ಒಂದೇ ಒಂದು ಬಿಂದುವಿನಲ್ಲಿ ಚುಚ್ಚಿದ ಹಾಗೆ ನೋಯುತ್ತಿದ್ದರೆ, ಸುಮ್ನೆ ಕೂತಾಗಲೂ ನೋಯುತ್ತಿದ್ದರೆ, ಮೂಳೆ ಬಿರುಕು ಬಿಟ್ಟಿರಬಹುದು ಅಂತ ಯೋಚನೆ ಮಾಡಬೇಕಾಗುತ್ತಿತ್ತು" ಅಂದರು. ಓಟ ನಿಲ್ಲಿಸಿ ಅಂದರು. 10ಕೆ ದಿನ ಅವನು ನಮ್ಮ ಬ್ಯಾಗ್ ಕಾಯ್ದ.

ತಪ್ಪನ್ನೆಲ್ಲಾ ಶೂ ಮೇಲೆ ಹೊರಿಸಿದರೆ ಅನ್ಯಾಯ ಆಗುತ್ತೆ. ವಾರಕ್ಕೆ ಮೂರು ದಿನ ಬೆಲ್ಟಿನ ಮೇಲೆ ಓಡುತ್ತಿದ್ದವನು ಒಮ್ಮೆಲೇ ಐದು ದಿನ ಕಾಂಕ್ರೀಟ್ ಮೇಲೆ ಓಡಿದ್ದು ದೊಡ್ಡ ತಪ್ಪು, ಅದಕ್ಕೆ ನಾವೂ ಕಾರಣ. "ಬಾರೋ, ಏನಾಗಲ್ಲ" ಅಂದವರು ನಾವೇ. ಎಷ್ಟೇ ದುಡ್ಡು ಕೊಟ್ಟು ಒಳ್ಳೆ ಶೂ ತಂದರೂ, ಓಟವನ್ನು ದಿಢೀರ್ ಅಂತ ಏರಿಸಿದರೆ ಕಾಲು ತಡೆಯಲ್ಲ. ಆದರೆ ಆ ದಿನ ರೂಮಿಗೆ ಬಂದು ಅವನ ಶೂ ತಿರುಗಿಸಿದಾಗ ಕಂಡದ್ದನ್ನೂ ಹೇಳಬೇಕು. ಬಲಗಾಲಿನ ಹಿಮ್ಮಡಿಯ ಹೊರ ಅಂಚು ಓರೆಯಾಗಿ ಕತ್ತರಿಸಿದ ಹಾಗೆ ಸವೆದಿತ್ತು. ಟೇಬಲ್ ಮೇಲಿಟ್ಟು ಹಿಂದಿನಿಂದ ನೋಡಿದರೆ ಶೂ ಹೊರಗಡೆಗೆ ವಾಲಿ ನಿಂತಿತ್ತು. ಪಕ್ಕದ ಫೋಮಿನ ಮೇಲೆ ಅಡ್ಡಡ್ಡ ಸುಕ್ಕು. ಹೆಬ್ಬೆರಳಿಂದ ಒತ್ತಿದರೆ ಮತ್ತೆ ಮೇಲೆ ಬರುವ ಲಕ್ಷಣವೇ ಇರಲಿಲ್ಲ. ಅಂದಾಜು 150 ಕಿಮೀ ಓಡಿದ್ದ, ಅಷ್ಟೇ. ರಸ್ತೆ ಶೂಗೆ ಸಾಮಾನ್ಯವಾಗಿ 500ರಿಂದ 800 ಕಿಮೀ ಆಯಸ್ಸು ಅಂತ ಹೇಳುತ್ತಾರೆ.

ಈ ನಾಲ್ಕು ಗುರುತುಗಳನ್ನು ನೀವೂ ಈಗಲೇ ನಿಮ್ಮ ಶೂನಲ್ಲಿ ನೋಡಬಹುದು: ಸವೆತ, ವಾಲಿಕೆ, ಸುಕ್ಕು, ಸತ್ತ ಫೋಮ್. ಒಂದು ಎಚ್ಚರಿಕೆ ಮಾತ್ರ. ಟ್ರೆಡ್‌ಮಿಲ್‌ನಲ್ಲೇ ಹೆಚ್ಚು ಓಡುವವರ ಶೂನಲ್ಲಿ ಅಡಿಯ ರಬ್ಬರ್ ಹೊಸದರ ಹಾಗೇ ಇರುತ್ತೆ, ಒಳಗಿನ ಫೋಮ್ ಮಾತ್ರ ಸತ್ತಿರುತ್ತೆ. ಅಡಿ ನೋಡಿ ಮೋಸ ಹೋಗಬೇಡಿ, ಫೋಮ್ ಒತ್ತಿ ನೋಡಿ. ಯಾವಾಗಲೂ ಓಡುವಷ್ಟೇ ಓಡಿದ್ದರೂ ಹೊಸದಾಗಿ ಮುಂಗಾಲೋ ಮಂಡಿಯೋ ನೋಯೋಕೆ ಶುರುವಾದರೆ ಅದೂ ಒಂದು ಸೂಚನೆ.

ಈಗ ದುಡ್ಡಿನ ವಿಷಯ. ರಸ್ತೆ ಓಟದ ಒಂದು ಸಾಧಾರಣ ಶೂ ಆಫರಿನಲ್ಲಿ 3,600 ರೂಪಾಯಿಗೆ ಸಿಕ್ಕಿತು ಅಂದುಕೊಳ್ಳಿ, ನಮ್ಮಲ್ಲಿ ಇಬ್ಬರಿಗೆ ಸಿಕ್ಕಿದ್ದು ಸರಿಸುಮಾರು ಅಷ್ಟಕ್ಕೇ. 600 ಕಿಮೀ ಬಾಳಿಕೆ ಬಂದರೆ ಕಿಲೋಮೀಟರಿಗೆ 6 ರೂಪಾಯಿ. ವಾರಕ್ಕೆ ಮೂರು ದಿನ ಟ್ರೆಡ್‌ಮಿಲ್ ಮೇಲೆ 4 ಕಿಮೀ, ಎರಡು ದಿನ ರಸ್ತೆಯಲ್ಲಿ 4 ಕಿಮೀ ಅಂದರೆ ವಾರಕ್ಕೆ 20 ಕಿಮೀ. ಒಂದೇ ಜೊತೆ 30 ವಾರ ಬರುತ್ತೆ, ಹತ್ತಿರ ಹತ್ತಿರ ಎರಡು ಸೆಮಿಸ್ಟರ್. ಎರಡು ಜೊತೆ ತಗೊಂಡು ಹಂಚಿ ಹಾಕಿಕೊಂಡರೂ ಕಿಲೋಮೀಟರಿಗೆ ಅದೇ 6 ರೂಪಾಯಿ, ಯಾಕಂದ್ರೆ ಎರಡೂ ಹೆಚ್ಚು ದಿನ ಬರುತ್ತವೆ. ಹಾಗಾಗಿ ಎರಡನೇ ಜೊತೆ ದಂಡ ಅಂತ ನಾವು ಹೇಳಲ್ಲ. ಆದರೆ 7,200 ಇವತ್ತೇ ಕೊಡಬೇಕು, ಲಾಭ ಮುಂದಿನ ವರ್ಷ. ಮೊದಲ ಇಂಟರ್ನಲ್ಸ್ ಬಂದ ಕೂಡಲೇ ನಮ್ಮಲ್ಲಿ ಅರ್ಧ ಜನ ಓಟ ಬಿಡುತ್ತೇವೆ ಅನ್ನೋದು ಕೂಡ ಎಲ್ಲರಿಗೂ ಗೊತ್ತಿರುವ ಸತ್ಯ.

ದುಡ್ಡಿಲ್ಲದವನು ಈ ರೂಲ್ ಓದಿ ಏನು ಮಾಡುತ್ತಾನೆ? 3,600ರ ಒಂದು ಒಳ್ಳೆಯ ಶೂ ಬಿಟ್ಟು ಸಾವಿರದೈನೂರರ ಒಂದು ಜಿಮ್ ಶೂ ತಗೊಳ್ತಾನೆ, ಆಮೇಲೆ ಅದನ್ನೇ ಕದ್ದು ರಸ್ತೆಗೂ ಹಾಕುತ್ತಾನೆ. ನಮ್ಮ ಗೆಳೆಯ ಮಾಡಿದ್ದು ಅದನ್ನೇ. ಮಷಿನ್ ಉಳಿಸೋಕೆ ಮಾಡಿದ ರೂಲು ಹುಡುಗರನ್ನು ತಪ್ಪು ಶೂ ಕಡೆಗೆ ತಳ್ಳುತ್ತಿದೆ. ನಮ್ಮ ತಕರಾರು ಇದೇ.

ಹಾಗಂತ ರೂಲ್ ಹಿಂದಿನ ಕಾರಣ ಸುಳ್ಳಲ್ಲ. ಜಿಮ್ ನೋಡಿಕೊಳ್ಳುವ ಸರ್ ಹತ್ತಿರ ಹೋಗಿ ಕೇಳಿದೆವು. ಅವರು ಬೇಜಾರು ಮಾಡಿಕೊಳ್ಳದೆ ಟ್ರೆಡ್‌ಮಿಲ್ ಪಕ್ಕ ಕೂರಿಸಿಕೊಂಡು ತೋರಿಸಿದರು. ಶೂವಿನ ಅಡಿಯ ಸಂದಿಯಲ್ಲಿ ಸಿಕ್ಕಿಕೊಂಡ ಮರಳು ಬೆಲ್ಟಿನ ಮೇಲೆ ಬೀಳುತ್ತೆ, ಅಂಚಿನಿಂದ ಒಳಗೆ ಹೋಗಿ ಬೆಲ್ಟ್ ಮತ್ತು ಹಲಗೆಯ ನಡುವೆ ಸೇರಿಕೊಳ್ಳುತ್ತೆ. ಅಲ್ಲಿ ಸಿಲಿಕೋನ್ ಎಣ್ಣೆ ಹಾಕಿರುತ್ತಾರೆ, ಮರಳು ಅದರ ಜೊತೆ ಸೇರಿದರೆ ಉಜ್ಜುವ ಪೇಸ್ಟ್ ಆಗುತ್ತೆ. ಘರ್ಷಣೆ ಹೆಚ್ಚುತ್ತೆ, ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತೆ, ಬಿಸಿಯಾಗುತ್ತೆ. ಕಾಲಿಟ್ಟ ತಕ್ಷಣ ಬೆಲ್ಟ್ ಒಂದು ಕ್ಷಣ ತಡವರಿಸಿದ ಹಾಗೆ ಆದರೆ ಕಾರಣ ಇದೂ ಇರಬಹುದು. "ನೀವು ಓಡಿ ಹೋಗ್ತೀರ, ರಿಪೇರಿ ಬಿಲ್ಲಿಗೆ ಸಹಿ ಹಾಕಿಸೋಕೆ ನಾನು ಅಲೀಬೇಕು" ಅಂದರು. ಒಪ್ಪಿಕೊಂಡೆವು.

ಆದರೆ ಆ ಕಾರಣವನ್ನು ಸರಿಯಾಗಿ ನೋಡಿ. ಮಷಿನ್‌ಗೆ ತೊಂದರೆ ಕೊಡುತ್ತಿರೋದು ಮರಳು, ರಸ್ತೆ ಶೂ ಅಲ್ಲ. ಹಾಸ್ಟೆಲ್‌ನಿಂದ ಜಿಮ್‌ವರೆಗೆ ಹಾಕಿಕೊಂಡು ನಡೆದು ಬಂದ "ಜಿಮ್ ಶೂ" ಕೂಡ ಅಷ್ಟೇ ಮರಳು ತರುತ್ತೆ. ಹಾಗಾಗಿ ರೂಲ್ ಇರಬೇಕಾಗಿರೋದು ಶೂವಿನ ಜಾತಿಯ ಮೇಲಲ್ಲ, ಶೂವಿನ ಅಡಿಯ ಮೇಲೆ. ಅಡಿ ಒಣಗಿರಬೇಕು, ಸ್ವಚ್ಛ ಇರಬೇಕು, ಅಷ್ಟೇ. ಬಾಗಿಲಲ್ಲಿ ಗಟ್ಟಿ ಕೂದಲಿನ ಒಂದು ಬ್ರಷ್, ಒಂದು ಒದ್ದೆ ಮ್ಯಾಟ್, ಅದರ ಪಕ್ಕ ಒಂದು ಒಣ ಮ್ಯಾಟ್ ಇಡಿ. ನಾವು ರೂಮಿನಲ್ಲೇ ಪ್ರಯೋಗ ಮಾಡಿ ನೋಡಿದೆವು. ಹಳೇ ಬಟ್ಟೆ ಒಗೆಯುವ ಬ್ರಷ್‌ನಿಂದ ಎರಡೂ ಅಡಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸೋಕೆ ಹಿಡಿದದ್ದು ಎರಡು ನಿಮಿಷದೊಳಗೆ. ಇನ್ನೂ ಒಳ್ಳೆಯದು ಅಂದರೆ ಚಪ್ಪಲಿ ಹಾಕಿಕೊಂಡು ಬಂದು, ಒರೆಸಿದ ಶೂವನ್ನು ಜಿಮ್ಮಿನ ಬಾಗಿಲಲ್ಲಿ ಹಾಕಿಕೊಳ್ಳೋದು. "ಯಾರು ಮಾಡ್ತಾರಪ್ಪ ಇದನ್ನೆಲ್ಲಾ?" ಅಂತ ಸರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಮಾಡದವರನ್ನು ಒಳಗೆ ಬಿಡಬೇಡಿ, ಮಾಡಿದವರನ್ನು ಬಿಡಿ ಅನ್ನೋದು ನಮ್ಮ ಉತ್ತರ.

ಒಂದೇ ಜೊತೆ ಎಲ್ಲಿ ಸಾಲಲ್ಲ ಅನ್ನೋದನ್ನೂ ಮುಚ್ಚಿಡಲ್ಲ. ಒಂದು, ಭಾರ ಎತ್ತುವುದು. ಓಟದ ಶೂವಿನ ಮೆತ್ತನೆ ಫೋಮ್ ಮೇಲೆ ನಿಂತು ದೊಡ್ಡ ಸ್ಕ್ವಾಟ್ ಹೊಡೆದರೆ ಹಾಸಿಗೆ ಮೇಲೆ ನಿಂತು ಹೊಡೆದ ಹಾಗೆ, ಪಾದ ಅಲುಗಾಡುತ್ತೆ. ಅದಕ್ಕೆ ಹೊಸ ಶೂ ಬೇಡ, ಶಾಲೆಯ ಕಾಲದ ಚಪ್ಪಟೆ ಕ್ಯಾನ್ವಾಸ್ ಶೂ ಇದ್ದರೆ ಸಾಕು. ಎರಡು, ಮಳೆಗಾಲ. ಸಂಜೆ ಮಳೆಯಲ್ಲಿ ನೆನೆದ ಶೂ ಮಾರನೇ ಬೆಳಗ್ಗೆಗೆ ಒಣಗಲ್ಲ. ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ, ಆ ದಿನ ಟ್ರೆಡ್‌ಮಿಲ್ ಬಿಟ್ಟುಬಿಡಿ. ಟೆರೇಸಿನ ಉರಿಬಿಸಿಲಿನಲ್ಲಿ ಇಡಬೇಡಿ, ಅಂಟು ಬಿಡುತ್ತೆ. ಮೂರು, ವಾರಕ್ಕೆ 40 ಕಿಮೀಗೂ ಹೆಚ್ಚು ಓಡುವ ಅಥ್ಲೆಟಿಕ್ಸ್ ಟೀಮಿನವರು. ಅವರಿಗೆ ಎರಡು ಜೊತೆ ಇದ್ದರೆ ಒಳ್ಳೆಯದು. ಆದರೆ ಅವರೂ ಎರಡನೆಯದಾಗಿ ತಗೊಳ್ಳಬೇಕಾದ್ದು ಇನ್ನೊಂದು ರಸ್ತೆ ಶೂವನ್ನೇ. ನಾಲ್ಕು, ಚಾಮುಂಡಿ ಬೆಟ್ಟದ ಕಾಡುದಾರಿಗೆ ಅಂತ ದೊಡ್ಡ ಹಲ್ಲಿನ ಟ್ರೇಲ್ ಶೂ ತಗೊಂಡವರು. ಅದು ಬೆಲ್ಟಿನ ಮೇಲೆ ಬೇಡವೇ ಬೇಡ. ಹಲ್ಲಿನ ಸಂದಿಯ ಮಣ್ಣು ಎಷ್ಟು ಉಜ್ಜಿದರೂ ಪೂರ್ತಿ ಹೋಗಲ್ಲ.

ಶೂ ತಗೊಳ್ಳೋಕೆ ಹೋದಾಗ ಅಂಗಡಿಯವರು ಏನು ಹೆಸರು ಹೇಳಿದರೂ ಮೂರು ಕೆಲಸ ಮಾಡಿ. ತಿರುಗಿಸಿ ನೋಡಿ, ಹಿಮ್ಮಡಿಯಲ್ಲೂ ಮುಂಗಾಲಿನಲ್ಲೂ ಫೋಮಿಗಿಂತ ಬೇರೆಯಾದ ರಬ್ಬರ್ ಇದೆಯಾ ಅಂತ ಉಗುರಿನಿಂದ ಒತ್ತಿ ಪರೀಕ್ಷಿಸಿ. ಎರಡು ತುದಿ ಹಿಡಿದು ಬಗ್ಗಿಸಿ, ಬೆರಳುಗಳ ಬುಡದ ಹತ್ತಿರ ಬಗ್ಗಬೇಕು, ನಟ್ಟನಡುವೆ ಮಡಚಿಕೊಂಡರೆ ಬೇಡ. ಕೊನೆಗೆ ಸಂಜೆ ಹೊತ್ತು ಹೋಗಿ ಹಾಕಿ ನೋಡಿ. ದಿನವಿಡೀ ನಡೆದ ಪಾದ ಸ್ವಲ್ಪ ಊದಿರುತ್ತೆ. ಗಾಳಿಯಾಡದ ಜಿಮ್ಮಿನಲ್ಲಿ ಅರ್ಧ ಗಂಟೆ ಓಡಿದರೂ ಹಾಗೇ ಊದುತ್ತೆ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬಿಡಿ, ಇಲ್ಲಾಂದ್ರೆ ಉಗುರು ಕಪ್ಪಾಗುತ್ತೆ. ಹಾಕಿದ ಕೂಡಲೇ ಹಿತವಾಗಿರಬೇಕು. "ಹಾಕ್ತಾ ಹಾಕ್ತಾ ಸರಿಯಾಗುತ್ತೆ" ಅನ್ನುವ ಶೂ ನಮಗೆ ಬೇಡ.

ನಮ್ಮ ಗೆಳೆಯ ಈಗ ವಾರಕ್ಕೆ ಎರಡು ದಿನ ಮತ್ತೆ ಓಡುತ್ತಿದ್ದಾನೆ. ಹೊಸ ಶೂ, ಅಡಿಯಲ್ಲಿ ರಬ್ಬರ್ ಇದೆ. ಜಿಮ್ಮಿನ ಬಾಗಿಲಲ್ಲಿ ಆ ಎ4 ಹಾಳೆ ಇನ್ನೂ ಇದೆ, ಹಾಗಾಗಿ ಅವನಿಗೆ ಟ್ರೆಡ್‌ಮಿಲ್ ಇಲ್ಲ, ರಸ್ತೆ ಮಾತ್ರ. ಕಾಲು ಚೇತರಿಸಿಕೊಳ್ಳುವವನಿಗೆ ಮೆತ್ತಗಿನ ಬೆಲ್ಟ್ ಬೇಕಿತ್ತು, ಸಿಗುತ್ತಿರೋದು ಗಟ್ಟಿ ಕಾಂಕ್ರೀಟ್. ಈ ಲೇಖನದ ಪ್ರಿಂಟ್ ಒಂದನ್ನು ಸರ್‌ಗೆ ಕೊಡುತ್ತೇವೆ. ಜೊತೆಗೆ ಒಂದು ಬ್ರಷ್ಷನ್ನೂ ನಾವೇ ತಂದಿಟ್ಟಿದ್ದೇವೆ, ಅದು ನಮ್ಮ ರೂಮಿನ ಕಿಟಕಿಯ ಮೇಲಿದೆ.